ಮೆಂತ್ಯ, ಗಸಗಸೆ ಹುರಿಯುವಾಗ ಯಾವ ಬಣ್ಣಕ್ಕೆ ಒಲೆ ಆರಿಸಬೇಕು?

ಪ್ರಶ್ನೆ: ಮನೆಯಲ್ಲೇ ಮಸಾಲೆ ಪುಡಿ ಮಾಡ್ತೀನಿ. ಅಳತೆ ಎಲ್ಲ ಸರಿಯಾಗೇ ಹಾಕ್ತೀನಿ, ಆದ್ರೂ ಪುಡಿ ಕಹಿ ಬರುತ್ತೆ. ಮೆಂತ್ಯ, ಗಸಗಸೆ ಎರಡನ್ನೂ ಒಟ್ಟಿಗೆ ಬಾಣಲೆಗೆ ಹಾಕಿ, ಎಣ್ಣೆ ಇಲ್ಲದೆ, ಚೆನ್ನಾಗಿ ಕೆಂಪಾಗೋವರೆಗೂ ಹುರೀತೀನಿ. ಎಲ್ಲಿ ತಪ್ತಿದೆ?

ಉತ್ತರ:

ಎರಡು ಕಡೆ. ಒಟ್ಟಿಗೆ ಹಾಕುವುದು ಒಂದು, ಕೆಂಪಾಗುವವರೆಗೆ ಕಾಯುವುದು ಇನ್ನೊಂದು. ಗಸಗಸೆ ಕೆಂಪಾಗಲೇಬಾರದು. ಮೆಂತ್ಯಕ್ಕೆ ಕೆಂಪಿನ ಸುಳಿವು ಬಂದರೆ ಸಾಕು, ಪೂರ್ತಿ ಕೆಂಪಾದರೆ ಕೆಟ್ಟಿತು ಅಂತಲೇ ಲೆಕ್ಕ.

ಒಟ್ಟಿಗೆ ಏಕೆ ಬೇಡ ಅಂದರೆ, ಎರಡೂ ಪೂರ್ತಿ ಬೇರೆ ಥರದ ಕಾಳುಗಳು. ಮೆಂತ್ಯ ಕಲ್ಲಿನಷ್ಟು ಗಟ್ಟಿ. ಬಿಸಿ ಅದರ ಒಳಗೆ ಇಳಿಯಲು ಹೊತ್ತು ಬೇಕು. ಗಸಗಸೆ ತೀರಾ ಸಣ್ಣದು, ಮೇಲಾಗಿ ಅದರ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಬಾಣಲೆ ಮುಟ್ಟಿದ ಕೂಡಲೇ ಒಳಗಿನವರೆಗೂ ಕಾಯುತ್ತದೆ. ಮೆಂತ್ಯ ಹದಕ್ಕೆ ಬರುವಷ್ಟರಲ್ಲಿ ಗಸಗಸೆ ಸೀದಿರುತ್ತದೆ. ಗಸಗಸೆ ನೋಡಿಕೊಂಡು ಇಳಿಸಿದರೆ ಮೆಂತ್ಯ ಹಸಿಯಾಗೇ ಇರುತ್ತದೆ, ಹಸಿ ಮೆಂತ್ಯವೂ ಕಹಿಯೇ ಅಲ್ವಾ? ಹಾಗಾಗಿ ನಿಮ್ಮ ಪುಡಿಯಲ್ಲಿ ಎರಡು ಬಗೆಯ ಕಹಿ ಸೇರಿಕೊಂಡಿರುವ ಸಾಧ್ಯತೆಯೂ ಇದೆ.

ಮೆಂತ್ಯದಿಂದ ಶುರು ಮಾಡೋಣ, ಜಾಸ್ತಿ ಕಾಟ ಕೊಡುವುದು ಅದೇ. ಒಂದು ಕಪ್ ಕೊತ್ತಂಬರಿ ಬೀಜ ಹಾಕಿ ಮಾಡುವ ಪುಡಿ ಅಂತ ಇಟ್ಟುಕೊಳ್ಳಿ. ಅದಕ್ಕೆ ನಾನು ಹಾಕುವುದು ಒಂದು ಟೀ ಚಮಚ ಮೆಂತ್ಯ, ಒಂದು ದೊಡ್ಡ ಚಮಚ ಗಸಗಸೆ. ಮೆಂತ್ಯ ಇದಕ್ಕಿಂತ ತುಂಬಾ ಹೆಚ್ಚಾದರೆ ಎಷ್ಟೇ ಹದವಾಗಿ ಹುರಿದರೂ ಕಹಿ ತಲೆ ಎತ್ತುತ್ತದೆ. ನೀವು ಅಳತೆ ಸರಿ ಅಂದಿದ್ದೀರಿ, ಆದರೂ ತಲೆತಟ್ಟಿದ ಚಮಚವೋ ಗೋಪುರ ಕಟ್ಟಿದ ಚಮಚವೋ ಅಂತ ಒಮ್ಮೆ ನೋಡಿಕೊಳ್ಳಿ.

ಹುರಿಯುವ ಮೊದಲು ಹತ್ತಿಪ್ಪತ್ತು ಹಸಿ ಕಾಳು ತೆಗೆದು ಬಿಳಿ ತಟ್ಟೆಯಲ್ಲಿ ಪಕ್ಕಕ್ಕಿಡಿ. ಬಣ್ಣ ನೋಡಿ ಹುರಿಯುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಬಾಣಲೆಯಲ್ಲಿರುವ ಕಾಳನ್ನೇ ನೋಡುತ್ತಿದ್ದರೆ ಬಣ್ಣ ಎಷ್ಟು ಬದಲಾಯಿತು ಅನ್ನುವುದು ಗೊತ್ತಾಗುವುದಿಲ್ಲ, ಕಣ್ಣು ಜೊತೆಜೊತೆಗೇ ಹೊಂದಿಕೊಂಡುಬಿಡುತ್ತದೆ. ಕಪ್ಪು ಬಾಣಲೆಯಾದರೆ ಇನ್ನೂ ಮೋಸ. ಕಪ್ಪಿನ ಮೇಲೆ ಹಳದಿ ಕಾಳು ಇರುವುದಕ್ಕಿಂತ ತಿಳಿಯಾಗಿ ಕಾಣುತ್ತದೆ, ಇನ್ನೂ ಸ್ವಲ್ಪ ಹುರಿಯೋಣ ಅನ್ನಿಸುತ್ತದೆ. ರಾತ್ರಿ ಹಳದಿ ದೀಪದಲ್ಲಿ ಹುರಿಯುವುದೂ ಬೇಡ. ಆ ಬೆಳಕಲ್ಲಿ ಎಲ್ಲವೂ ಹೊಂಬಣ್ಣವೇ.

ದಪ್ಪ ತಳದ ಬಾಣಲೆಯನ್ನು ಸಣ್ಣ ಉರಿಯಲ್ಲಿ ಇಡಿ. ಬೆಚ್ಚಗಾದಾಗಲೇ ಮೆಂತ್ಯ ಹಾಕಿ, ಕಾದು ಹೊಗೆಯಾಡುವವರೆಗೆ ಬಿಡಬೇಡಿ. ತೀರಾ ಕಾದ ಬಾಣಲೆಗೆ ಹಾಕಿದರೆ ಸಿಪ್ಪೆ ಕೂಡಲೇ ಕಂದಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಆಮೇಲೆ ಕೈ ಬಿಡದೆ ಆಡಿಸುತ್ತಿರಿ. ಮೊದಲ ಒಂದು ನಿಮಿಷ ಏನೂ ಆಗುವುದಿಲ್ಲ. ಕಾಳು ಹಾಕಿದಾಗ ಹೇಗಿತ್ತೋ ಹಾಗೇ ಮಬ್ಬು ಹಳದಿಯಾಗಿ ಕೂತಿರುತ್ತದೆ. ಒಳಗಿನ ತೇವ ಹೋಗುತ್ತಿರುವ ಸಮಯ ಅದು, ತೇವ ಇರುವವರೆಗೆ ಬಣ್ಣ ತಿರುಗುವುದಿಲ್ಲ. ಇಲ್ಲೇ ಬಹಳ ಜನ ತಾಳ್ಮೆ ಕಳೆದುಕೊಂಡು ಉರಿ ಏರಿಸುತ್ತಾರೆ. ತೇವ ಹೋದ ಮೇಲೆ ಮಾತ್ರ ಎಲ್ಲ ಬೇಗ ಬೇಗ ನಡೆದುಹೋಗುತ್ತದೆ. ಏರಿಸಿದ ಉರಿ ಆಗ ಕೈಕೊಡುತ್ತದೆ.

ಮೊದಲು ತಿಳಿಯುವುದು ಮೂಗಿಗೆ. ಹಸಿ ಬೇಳೆಯಂಥ ವಾಸನೆ ಹೋಗಿ, ಸಿಹಿಯಾದ, ಪಾಕ ಕಾಯಿಸಿದಂಥ ಘಮ ಬರುತ್ತದೆ. ಮೆಂತ್ಯದಲ್ಲಿರುವ ಸೋಟೊಲಾನ್ ಅನ್ನುವ ವಸ್ತುವಿನ ವಾಸನೆ ಅದು. ಅದರ ಹಿಂದೆಯೇ ಅಲ್ಲೊಂದು ಇಲ್ಲೊಂದು ಕಾಳು ಚಟ್ ಅನ್ನುತ್ತದೆ. ಈಗ ತಟ್ಟೆಯ ಹಸಿ ಕಾಳಿನ ಪಕ್ಕದಲ್ಲಿ ಬಾಣಲೆಯ ನಾಲ್ಕು ಕಾಳು ಹಾಕಿ ನೋಡಿ. ಹಸಿ ಕಾಳು ಮಂಕು ಹಳದಿ. ಹುರಿದದ್ದು ಒಂದು ಛಾಯೆ ಮಾತ್ರ ಗಾಢವಾಗಿ, ಜೇನಿನ ಬಣ್ಣಕ್ಕೆ ಬಂದಿರಬೇಕು. ಅಂಚಿನಲ್ಲಿ, ಕಾಳಿನ ಮೇಲಿನ ಗೀರಿನ ಹತ್ತಿರ, ತುಸು ಕೆಂಪು ಕಂಡರೆ ಸಾಕು. ಅದೇ ಹದ. ಒಂದು ಚಮಚ ಮೆಂತ್ಯಕ್ಕೆ ಸಣ್ಣ ಉರಿಯಲ್ಲಿ ಎರಡರಿಂದ ಮೂರು ನಿಮಿಷ ಹಿಡಿಯಬಹುದು. ಆದರೆ ಗಡಿಯಾರ ನಂಬಬೇಡಿ, ಬಾಣಲೆಯ ದಪ್ಪ, ಉರಿ, ಕಾಳಿನ ತೇವ ಎಲ್ಲ ಸೇರಿ ಅದನ್ನು ಸುಲಭವಾಗಿ ಆಚೀಚೆ ಮಾಡುತ್ತವೆ.

ಇಲ್ಲಿ ಇಳಿಸದಿದ್ದರೆ ಮುಂದಿನ ಬಣ್ಣ ಇಟ್ಟಿಗೆ ಕೆಂಪು. ಆಗ ಸಿಹಿ ಘಮ ಹೋಗಿ ಕಾಫಿ ಬೀಜ ಹುರಿದಂಥ ವಾಸನೆ ಬರುತ್ತದೆ. ನೋಡಲು ಚೆಂದ, ಮೂಗಿಗೂ ಹಿತ. ಮೋಸ ಹೋಗುವುದು ಇಲ್ಲೇ, ಏಕೆಂದರೆ ಕಹಿ ಆಗಲೇ ಶುರುವಾಗಿರುತ್ತದೆ. ಅದರಾಚೆಗಿನ ಕಡು ಕಂದು ಬಣ್ಣ ಬಂದರೆ ಆ ಕಾಳು ಎಸೆಯುವುದಕ್ಕೇ.

ಇನ್ನೊಂದು ವಿಷಯ. ಒಲೆ ಆರಿಸಿದ ಮಾತ್ರಕ್ಕೆ ಹುರಿಯುವುದು ನಿಲ್ಲುವುದಿಲ್ಲ. ದಪ್ಪ ತಳದಲ್ಲಿ, ಅದರಲ್ಲೂ ಕಬ್ಬಿಣದ ಬಾಣಲೆಯಲ್ಲಿ, ಬಿಸಿ ಬಹಳ ಹೊತ್ತು ಉಳಿದಿರುತ್ತದೆ. ಕಾಳನ್ನು ಅಲ್ಲೇ ಬಿಟ್ಟರೆ ಜೇನಿನ ಬಣ್ಣ ತಾನಾಗಿಯೇ ಇಟ್ಟಿಗೆ ಬಣ್ಣಕ್ಕೆ ಹೋಗುತ್ತದೆ. ಹಾಗಾಗಿ ಇನ್ನು ಒಂದು ಚೂರು ಬೇಕು ಅನ್ನಿಸುವಾಗಲೇ ತಟ್ಟೆಗೆ ಸುರಿದು ಹರಡಿ. ರಾಶಿ ಮಾಡಿಟ್ಟರೂ ನಡುವಿನ ಕಾಳು ತನ್ನ ಬಿಸಿಗೇ ಇನ್ನಷ್ಟು ಹುರಿಯುತ್ತದೆ.

ಆರಿದ ಮೇಲೆ ಒಂದು ಕಾಳು ಕಚ್ಚಿ. ಕಟುಂ ಅಂತ ಮುರಿಯಬೇಕು, ಹಲ್ಲಿಗೆ ಕಲ್ಲಿನ ಹಾಗೆ ಸಿಗಬಾರದು. ಒಡೆದ ಇನ್ನೊಂದು ಕಾಳಿನ ಒಳಭಾಗ ನೋಡಿ. ಅದು ಹಳದಿಯಾಗೇ ಇದ್ದರೆ ಸರಿ, ಒಳಗೂ ಕಂದಾಗಿದ್ದರೆ ಹೆಚ್ಚಾಗಿದೆ. ರುಚಿಯಲ್ಲೂ ವ್ಯತ್ಯಾಸ ಗೊತ್ತಾಗುತ್ತದೆ. ಹದವಾಗಿ ಹುರಿದ ಮೆಂತ್ಯ ಪೂರ್ತಿ ಕಹಿ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಆ ಕಹಿ ಮೆಲ್ಲಗೆ ಬಂದು, ಹಿಂದೆ ಒಂದು ಸಿಹಿ ಘಮ ಬಿಟ್ಟು ಹೋಗುತ್ತದೆ. ಸೀದ ಮೆಂತ್ಯದ ಕಹಿ ಮಾತ್ರ ಚುಚ್ಚುತ್ತದೆ, ನಾಲಿಗೆಯ ಹಿಂದೆ ಅಂಟಿಕೊಂಡು ನೀರು ಕುಡಿದರೂ ಹೋಗುವುದಿಲ್ಲ.

ಗಸಗಸೆಯ ಸರದಿ ಎಲ್ಲಕ್ಕಿಂತ ಕೊನೆಗೆ. ಕೊತ್ತಂಬರಿ, ಜೀರಿಗೆ ಎಲ್ಲ ಹುರಿದು ತೆಗೆದ ಮೇಲೆ ಒಲೆ ಆರಿಸಿ. ಬಾಣಲೆಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಹಿಂದಿನ ಕಾಳಿನ ಚೂರು ಉಳಿದರೆ ಅದು ಸೀದು ಗಸಗಸೆಗೆ ವಾಸನೆ ಹಿಡಿಸುತ್ತದೆ. ಅರ್ಧ ನಿಮಿಷ ಹಾಗೇ ಬಿಟ್ಟು ಗಸಗಸೆ ಹಾಕಿ. ದಪ್ಪ ಬಾಣಲೆಯಾದರೆ ಒಂದು ದೊಡ್ಡ ಚಮಚಕ್ಕೆ ಉಳಿದ ಬಿಸಿಯೇ ಸಾಕು. ತೆಳು ಬಾಣಲೆಯಾದರೆ ತೀರಾ ಸಣ್ಣ ಉರಿ ಇಟ್ಟು, ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಸಿ. ಪಕ್ಕದಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಬಿಳಿ ಗಸಗಸೆಯ ಹದದ ಬಣ್ಣ ಕೆನೆ ಬಣ್ಣ. ಬಿಳಿ ಹೋಗಿ ಸ್ವಲ್ಪ ಹಳದಿ ಛಾಯೆ ಬಂದರೆ ಮುಗಿಯಿತು. ಇಲ್ಲಿಯೂ ಚಿಟಿಕೆ ಹಸಿ ಗಸಗಸೆ ಪಕ್ಕದಲ್ಲಿಟ್ಟುಕೊಂಡರೆ ಗೊತ್ತಾಗುತ್ತದೆ, ಇಲ್ಲದಿದ್ದರೆ ಏನೂ ಬದಲಾಗಿಲ್ಲ ಅನ್ನಿಸಿ ಮುಂದುವರಿಸುತ್ತೀರಿ. ಹದಕ್ಕೆ ಬಂದಾಗ ಕಾಳು ಒಂದಕ್ಕೊಂದು ಅಂಟದೆ ಮರಳಿನ ಹಾಗೆ ಹರಿಯುತ್ತದೆ, ಒಂದೆರಡು ಪುಟಿಯುತ್ತವೆ, ಬಾದಾಮಿಯಂಥ ಹಿತವಾದ ವಾಸನೆ ಬರುತ್ತದೆ. ಈ ಮೂರರಲ್ಲಿ ಎರಡು ಕಂಡರೂ ಸುರಿದುಬಿಡಿ. ತಿಳಿ ಕಂದು ಬಣ್ಣ ಬಂದರೆ ಅದರ ಎಣ್ಣೆ ಸೀಯಲು ಶುರುವಾಗಿದೆ ಅಂತ ಅರ್ಥ. ಆ ಒಗರು ಕಹಿ ಪುಡಿ ಮಾಡಿದಾಗ ಎಲ್ಲ ಕಡೆ ಹರಡುತ್ತದೆ. ಬೂದು ನೀಲಿ ಗಸಗಸೆ ಸಿಗುವವರಿಗೆ ಈ ಬಣ್ಣದ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಅದು ಸೀದರೂ ಬಣ್ಣದಲ್ಲಿ ಕಾಣುವುದಿಲ್ಲ. ಅಲ್ಲಿ ಮೂಗು, ಪುಟಿಯುವ ಸದ್ದು ಎರಡೇ ಗತಿ.

ಗಸಗಸೆ ತೊಳೆದಿದ್ದರೆ ಪೂರ್ತಿ ಒಣಗಿಸಿಯೇ ಹುರಿಯಿರಿ. ತೇವ ಇದ್ದರೆ ಗಂಟು ಗಂಟಾಗಿ ತಳಕ್ಕೆ ಅಂಟುತ್ತದೆ, ಗಂಟಿನ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ. ಇನ್ನು ಕೆಲವೊಮ್ಮೆ ತಪ್ಪು ಹುರಿಯುವುದರಲ್ಲಿ ಇರುವುದೇ ಇಲ್ಲ. ಎಣ್ಣೆ ಜಾಸ್ತಿ ಇರುವುದರಿಂದ ಹಳೇ ಗಸಗಸೆ ಡಬ್ಬಿಯಲ್ಲೇ ಕಮಟು ಹಿಡಿದಿರುತ್ತದೆ. ಹುರಿಯುವ ಮೊದಲೇ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿದು ನೋಡಿ. ಆಗಲೇ ಕಹಿ ಇದ್ದರೆ ಬಾಣಲೆ ಅದನ್ನು ಸರಿ ಮಾಡುವುದಿಲ್ಲ.

ಎಣ್ಣೆ ಹಾಕದೆ ಹುರಿಯುತ್ತೀರಿ ಅಂದಿರಲ್ಲ, ಹಾಗೇ ಮುಂದುವರಿಸಿ. ಒಂದು ಹನಿ ಎಣ್ಣೆ ಬಿದ್ದರೂ ಕಾಳಿನ ಮೇಲ್ಮೈ ಹೊಳೆದು ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ, ಮೇಲೆ ಹೇಳಿದ ಬಣ್ಣದ ಗುರುತು ಅದಕ್ಕೆ ಹೊಂದುವುದಿಲ್ಲ.

ಪುಡಿ ಮಾಡುವಾಗ ಎಲ್ಲವೂ ತಣ್ಣಗಾಗಿರಲಿ. ಮೆಂತ್ಯವನ್ನು ಕೊತ್ತಂಬರಿ ಜೊತೆ ಮೊದಲು ಹಾಕಿ, ಗಸಗಸೆಯನ್ನು ಕೊನೆಗೆ ಸೇರಿಸಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಗಸಗಸೆ ಒಂದನ್ನೇ ಜಾರ್‌ಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗಿ ತಳಕ್ಕೆ ಅಂಟುತ್ತದೆ.

ಈಗಾಗಲೇ ಮಾಡಿಟ್ಟ ಕಹಿ ಪುಡಿಯ ಬಗ್ಗೆ: ಬೆಲ್ಲ ಹಾಕಿ ಮುಚ್ಚಲು ನೋಡಬೇಡಿ. ಸಿಹಿಯೂ ಕಹಿಯೂ ಬೇರೆ ಬೇರೆಯಾಗಿ ನಾಲಿಗೆಗೆ ಸಿಗುತ್ತವೆ. ಕಹಿ ಸ್ವಲ್ಪವೇ ಇದ್ದರೆ ಮೆಂತ್ಯ, ಗಸಗಸೆ ಎರಡೂ ಇಲ್ಲದ ಪುಡಿಯನ್ನು ಇದರ ಮೂರರಷ್ಟು ಮಾಡಿ ಬೆರೆಸಿ ನೋಡಬಹುದು. ಮೊದಲು ಒಂದೆರಡು ಚಮಚದಲ್ಲಿ ಬೆರೆಸಿ, ಬಿಸಿ ನೀರಲ್ಲಿ ಕದಡಿ ರುಚಿ ನೋಡಿ. ಆಗಲೂ ನಾಲಿಗೆಯ ಹಿಂದೆ ಚುಚ್ಚಿದರೆ ಸುಮ್ನೆ ಇನ್ನೊಂದು ಕಪ್ ಕೊತ್ತಂಬರಿ ಹಾಳು ಮಾಡಬೇಡಿ, ಆ ಪುಡಿಯನ್ನು ಅಲ್ಲಿಗೇ ಬಿಟ್ಟುಬಿಡಿ.