ಮೇಷ್ಟ್ರ ಕನ್ನಡಕ ಹಾಕಿಕೊಂಡು ಒಂದು ಸಲ ಓದಿ

ಸಂಪಾದಕರೇ,

ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ನಾನು ಖಜಾಂಚಿ. ಎರಡನೇ ಮಹಡಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಮೊದಲೆಲ್ಲ ಅವರ ಮಗ ಪುಣೆಯಿಂದ ಮೇಂಟೆನೆನ್ಸ್ ಕಟ್ಟುತ್ತಿದ್ದ. ಈಗ ಮೂರು ತಿಂಗಳಿಂದ ಬಾಕಿ ಇತ್ತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎರಡು ಸಲ ನೆನಪಿಸಿ, ಕೊನೆಗೆ ಅವರಿಗೇ ಒಂದು ಪತ್ರ ಬರೆದು ಕಳಿಸಿದೆ. ಮೂರು ಸಲ ಓದಿ ನೋಡಿಯೇ ಕಳಿಸಿದ್ದು. ಅದರಲ್ಲಿ ಒಂದೇ ಒಂದು ಒರಟು ಪದ ಇಲ್ಲ. ಮರುದಿನವೇ ದುಡ್ಡು ಬಂತು. ಆದರೆ ಅವತ್ತಿನಿಂದ ಲಿಫ್ಟಿನಲ್ಲಿ ಸಿಕ್ಕರೂ ಮೇಷ್ಟ್ರು ಮುಖ ತಿರುಗಿಸುತ್ತಾರೆ. ಪತ್ರವನ್ನು ಲಗತ್ತಿಸಿದ್ದೇನೆ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಜನಕ್ಕೆ ಯಾಕೆ ಸಿಟ್ಟು?

— ಹೆಸರು ಬೇಡ ಎಂದಿರುವ ಓದುಗರು, ಮೈಸೂರು

ಖಜಾಂಚಿಯವರೇ,

ಬಾಕಿ ಕೇಳಿದ್ದು ತಪ್ಪಲ್ಲ. ಮೇಷ್ಟ್ರು ಓಡಾಡುತ್ತಾರೆ ಅಂತ ಲಿಫ್ಟಿನ ಕರೆಂಟ್ ಬಿಲ್ಲೇನೂ ಕಮ್ಮಿ ಬರುವುದಿಲ್ಲ. ನಿಮ್ಮ ಪರವಾಗಿ ನಾನು ಹೇಳುವುದು ಇಷ್ಟೇ. ಇಲ್ಲಿಂದ ಮುಂದೆ ನಾನು ಮೇಷ್ಟ್ರ ಕಡೆ. ಬೇಜಾರು ಮಾಡಿಕೊಳ್ಳಬೇಡಿ.

ಮೂರು ಸಲ ಓದಿದೆ ಅಂದಿರಿ. ಮೂರೂ ಸಲ ಓದಿದ್ದು ಖಜಾಂಚಿಯೇ ಅಲ್ವಾ? ನಮ್ಮದೇ ಬರಹ ಓದುವಾಗ ತಲೆಯೊಳಗೆ ನಮ್ಮದೇ ದನಿ ಕೇಳಿಸುತ್ತಿರುತ್ತದೆ. ಆ ದನಿಯಲ್ಲಿ ನಗು ಇದ್ದರೆ ಕಾಗದದಲ್ಲೂ ಇದೆ ಅನ್ನಿಸುತ್ತದೆ. ಕಾಗದಕ್ಕೆ ಇಳಿದಿರುವುದು ಬರೀ ಅಕ್ಷರ. ಹೀಗೆ ಓದಿದರೆ ಕಾಗುಣಿತದ ತಪ್ಪು ಸಿಕ್ಕೀತು, ದನಿಯ ತಪ್ಪು ಸಿಗುವುದಿಲ್ಲ.

ಬರೆದದ್ದನ್ನು ಪಡೆಯುವವರ ಕಿವಿಯಿಂದ ಕೇಳಿ ನೋಡುವುದು ನನ್ನ ಹಳೇ ಹುಚ್ಚು, ಕಚೇರಿಯಲ್ಲಿ ಎಲ್ಲರೂ ತಮಾಷೆ ಮಾಡುತ್ತಾರೆ. ಆದರೆ ಬರೆದವರ ದನಿ ಓದುವವರಿಗೆ ಎಷ್ಟು ತಲುಪುತ್ತದೆ ಅಂತ ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. 2005ರಲ್ಲಿ ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಜೊತೆಗಾರರು ಅಮೆರಿಕದಲ್ಲಿ ಕಾಲೇಜು ಹುಡುಗರಿಂದ ಕೆಲವು ವಾಕ್ಯಗಳನ್ನು ಇಮೇಲ್ ಮಾಡಿಸಿದರು. ಕೆಲವು ನಿಜವಾಗಿ ಹೇಳಿದ್ದು, ಕೆಲವು ವ್ಯಂಗ್ಯ. ಯಾವುದು ಯಾವುದು ಅಂತ ಓದಿದವರು 100ಕ್ಕೆ 78 ಸಲ ಸರಿಯಾಗಿ ಹೇಳುತ್ತಾರೆ ಎಂದು ಕಳಿಸಿದವರು ನಂಬಿದ್ದರು. ಓದಿದವರು ಸರಿಯಾಗಿ ಹೇಳಿದ್ದು 56 ಸಲ. ಸುಮ್ನೆ ನಾಣ್ಯ ಚಿಮ್ಮಿದ್ದರೂ 50 ಸಿಗುತ್ತಿತ್ತು!

ಅದೇ ಅಧ್ಯಯನದಲ್ಲಿ ನನಗೆ ಇಷ್ಟವಾದ ಇನ್ನೊಂದು ಪ್ರಯೋಗವಿದೆ. ಕಳಿಸುವ ಮೊದಲು ಕೆಲವರಿಂದ ಅವರದೇ ವಾಕ್ಯವನ್ನು ಉಲ್ಟಾ ದನಿಯಲ್ಲಿ ಗಟ್ಟಿಯಾಗಿ ಓದಿಸಿದರು. ವ್ಯಂಗ್ಯವನ್ನು ನೇರವಾಗಿ, ನೇರವಾದದ್ದನ್ನು ವ್ಯಂಗ್ಯವಾಗಿ. ಹಾಗೆ ಓದಿದವರಿಗೆ 'ಅವರಿಗೆ ಅರ್ಥವಾಗಿಯೇ ಆಗುತ್ತದೆ' ಎಂಬ ಜಂಬ ಇಳಿಯಿತು. ನಾನು ನನ್ನ ಪತ್ರಗಳಿಗೆ ಮಾಡುವುದೂ ಸುಮಾರು ಇದನ್ನೇ. ಬರೆದು ಮುಗಿಸಿದ ಮೇಲೆ ಎದ್ದು ಹೋಗಿ ಒಂದು ಕಾಫಿ ಕುಡಿಯುತ್ತೇನೆ. ಅವಸರವಿಲ್ಲದಿದ್ದರೆ ಒಂದು ರಾತ್ರಿ ಬಿಡುತ್ತೇನೆ. ಆಮೇಲೆ ನನಗೇ ವಾಟ್ಸಾಪ್ ಮಾಡಿಕೊಂಡು, ಪಡೆಯುವವರು ನೋಡುವಂತೆಯೇ ಫೋನಿನಲ್ಲಿ ತೆರೆದು, ನನಗೆ ಗೊತ್ತಿರುವ ಅತ್ಯಂತ ಸಿಡುಕು ಮನುಷ್ಯರ ದನಿಯಲ್ಲಿ ಗಟ್ಟಿಯಾಗಿ ಓದುತ್ತೇನೆ. ಆ ಸಿಡುಕು ದನಿಗೂ ವಾಕ್ಯ ಸರಾಗವಾಗಿ ಒಗ್ಗಿಕೊಂಡಿತೋ, ಆ ವಾಕ್ಯ ಹೋಗಬೇಕು. ಸಿಡುಕಿಗೆ ಒಗ್ಗದೆ ತೊಡರಿದರೆ ಇರಲಿ ಬಿಡಿ.

ಈಗ ನಿಮ್ಮ ಪತ್ರವನ್ನು ಹಾಗೆ ಓದೋಣ. ಇದನ್ನು ಮೇಷ್ಟ್ರು ಓದುತ್ತಿದ್ದಾರೆ ಅಂದುಕೊಳ್ಳಿ.

"ಮಾನ್ಯರೇ, ಈಗಾಗಲೇ ಎರಡು ಬಾರಿ ತಿಳಿಸಿದ್ದರೂ ತಾವು ಏಪ್ರಿಲ್‌ನಿಂದ ಜೂನ್‌ವರೆಗಿನ ನಿರ್ವಹಣಾ ಶುಲ್ಕ ರೂ. 4,500 ಪಾವತಿಸಿರುವುದಿಲ್ಲ. ಉಳಿದ ಎಲ್ಲರೂ ಸಕಾಲಕ್ಕೆ ಪಾವತಿಸಿರುತ್ತಾರೆ. ತಮಗೆ ಏನಾದರೂ ತೊಂದರೆ ಇದ್ದಲ್ಲಿ ತಿಳಿಸುವುದು. ದಿನಾಂಕ 15ರ ಒಳಗೆ ಪಾವತಿಸಿ ಸಹಕರಿಸಬೇಕಾಗಿ ವಿನಂತಿ. ಪ್ರತಿ: ಅಧ್ಯಕ್ಷರಿಗೆ."

ನೀವು ಹೇಳಿದ್ದು ನಿಜ. ಒರಟು ಪದ ಒಂದೂ ಇಲ್ಲ. ನಿಘಂಟು ಹಿಡಿದು ಹುಡುಕಿದರೂ ಸಿಗುವುದಿಲ್ಲ.

ಮೊದಲು 'ಮಾನ್ಯರೇ'. ನಿತ್ಯ ಲಿಫ್ಟಿನಲ್ಲಿ ಸಿಕ್ಕಾಗ ಅವರನ್ನು ಏನಂತ ಕರೆಯುತ್ತಿದ್ದಿರಿ? 'ಮೇಷ್ಟ್ರೇ' ಅಂತಲೇ ಇರಬೇಕು. ಬಾಯಲ್ಲಿ 'ಮೇಷ್ಟ್ರೇ, ನೀವು' ಅನ್ನುತ್ತಿದ್ದವರು ಕಾಗದದಲ್ಲಿ 'ಮಾನ್ಯರೇ, ತಾವು' ಅಂದರೆ ನಿಮಗೆ ಅದು ಜಾಸ್ತಿ ಮರ್ಯಾದೆ. ಅವರಿಗೆ ಬಾಗಿಲು ಹಾಕಿಕೊಂಡ ಸದ್ದು. ಕನ್ನಡದಲ್ಲಿ ನೀವು ಬಿಟ್ಟು ನೀನು ಅಂದರೆ ಜಗಳ ಅನ್ನುವುದು ಎಲ್ಲರಿಗೂ ಗೊತ್ತು. ನೀವು ಬಿಟ್ಟು ದಿಢೀರಂತ ತಾವು ಅಂದರೂ ಒಂದು ನಮೂನೆ ಜಗಳವೇ.

ಆಮೇಲೆ 'ತಿಳಿಸಿದ್ದರೂ'. ಆ 'ರೂ' ನೋಡಿ. ಒಂದೇ ಅಕ್ಷರ, ಆದರೆ ಬೆರಳು ತೋರಿಸುತ್ತಿದೆ. ಹೇಳಿದ್ದರೂ ಕೇಳಲಿಲ್ಲ, ಕರೆದಿದ್ದರೂ ಬರಲಿಲ್ಲ ಅಂತ ನಾವು ಮಕ್ಕಳನ್ನು ಬೈಯುವ 'ರೂ' ಇದು. ಅದಿರಲಿ, ನೀವು ಎರಡು ಸಲ ತಿಳಿಸಿದ್ದು ಯಾರಿಗೆ? ಗುಂಪಿಗೆ. ಶುಭೋದಯದ ಹೂವುಗಳ ಮಧ್ಯೆ ಹೂತುಹೋದ ಸಂದೇಶವನ್ನು ಅವರು ನೋಡಿದ್ದಾರೋ ಇಲ್ಲವೋ ನಿಮಗೆ ಗೊತ್ತಿಲ್ಲ. ನೋಡಿದ್ದರೂ ಮಗ ಕಟ್ಟಿರುತ್ತಾನೆ, ತನಗಲ್ಲ ಅಂದುಕೊಂಡಿರಬಹುದು. ಹಾಗಿದ್ದರೆ ಇದು ಅವರಿಗೆ ಮೂರನೇ ನೆನಪಲ್ಲ, ಮೊದಲನೇ ಸುದ್ದಿ. ಮೊದಲನೇ ಸುದ್ದಿಯೇ ಆಪಾದನೆಯಾಗಿ ಬಂತು. ಪಡೆಯುವವರ ಕಡೆಯಿಂದ ಓದುವುದು ಅಂದರೆ ಬರೀ ಸಿಹಿ ಮಾತು ಸೇರಿಸುವುದಲ್ಲ. ಅವರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಅಂತ ನೋಡುವುದು. ಮಗ ಕಟ್ಟುತ್ತಿದ್ದ ಅನ್ನುವುದು ನಿಮಗೆ ಗೊತ್ತಿತ್ತು. ಆ ಸಂಗತಿ ನನಗೆ ಬರೆದ ಪತ್ರದಲ್ಲಿದೆ, ಅವರಿಗೆ ಬರೆದದ್ದರಲ್ಲಿ ಇಲ್ಲ!

'ಏನಾದರೂ ತೊಂದರೆ ಇದ್ದಲ್ಲಿ' ಅಂತ ನೀವು ಕಾಳಜಿಯಿಂದಲೇ ಬರೆದಿದ್ದೀರಿ, ನಂಬುತ್ತೇನೆ. ಆದರೆ ಅದರ ಹಿಂದಿನ ವಾಕ್ಯ 'ಉಳಿದ ಎಲ್ಲರೂ ಪಾವತಿಸಿರುತ್ತಾರೆ'. ಎರಡನ್ನೂ ಒಂದೇ ಉಸಿರಿಗೆ ಓದಿ. ನಿಮ್ಮ ಹತ್ತಿರ ದುಡ್ಡಿಲ್ವಾ ಅಂತ ನಾಲ್ಕು ಜನರ ಮುಂದೆ ಕೇಳಿದ ಹಾಗೆ ಆಗುತ್ತದೆ. ಪಿಂಚಣಿಯಲ್ಲಿ ಮಾನವಾಗಿ ಬದುಕುವ ಮನುಷ್ಯರಿಗೆ ಇದಕ್ಕಿಂತ ಚುಚ್ಚುವ ಮಾತಿಲ್ಲ. ಮರುದಿನವೇ ದುಡ್ಡು ಬಂದದ್ದು ನಿಮ್ಮ ಪತ್ರದ ಗೆಲುವು ಅಂದುಕೊಂಡಿದ್ದರೆ, ಅಲ್ಲ. ಅದು ಅವರ ಉತ್ತರ.

'ತಿಳಿಸುವುದು' ಅಂತೂ ಕ್ರಿಯಾಪದದ ವೇಷ ಹಾಕಿದ ಸಾಹೇಬ. ಮೇಲಧಿಕಾರಿ ಗುಮಾಸ್ತನಿಗೆ ಬರೆಯುವ ಭಾಷೆ ಅದು. ಇನ್ನು ಕೊನೆಯ 'ಪ್ರತಿ: ಅಧ್ಯಕ್ಷರಿಗೆ'. ಅದಕ್ಕೆ ನಾನೇನೂ ಹೇಳುವುದಿಲ್ಲ. ಮೇಷ್ಟ್ರು ಕ್ಲಾಸಿನಲ್ಲಿ 'ಹೆಡ್‌ಮೇಷ್ಟ್ರಿಗೆ ಹೇಳ್ತೀನಿ' ಅಂತ ಎಷ್ಟು ಸಲ ಹೇಳಿರುತ್ತಾರೋ, ಅದರ ಅರ್ಥ ಅವರಿಗೆ ಚೆನ್ನಾಗಿ ಗೊತ್ತು.

ನಿಮ್ಮನ್ನೊಬ್ಬರನ್ನೇ ಬೈದರೆ ನ್ಯಾಯವಲ್ಲ. ಹಿಂದೆ ನಾನಿದ್ದ ಒಂದು ಪತ್ರಿಕೆಯಲ್ಲಿ ಕಥೆ ವಾಪಸು ಕಳಿಸುವಾಗ ಜೊತೆಗೆ ಇಡುವ ಚೀಟಿಯನ್ನು ಬರೆದವನು ನಾನೇ. 'ತಮ್ಮ ಕಥೆ ಪ್ರಕಟಣೆಗೆ ಯೋಗ್ಯವಾಗಿಲ್ಲ.' ಚಿಕ್ಕದು, ಚೊಕ್ಕದು ಅಂತ ಹೆಮ್ಮೆ ಬೇರೆ. ಒಬ್ಬರು ಕಾರ್ಡಿನಲ್ಲಿ ಒಂದೇ ಸಾಲು ಬರೆದರು: 'ನನ್ನ ಯೋಗ್ಯತೆ ತಿಳಿಸಿದ್ದಕ್ಕೆ ಧನ್ಯವಾದ.' ನಾನು 'ಯೋಗ್ಯ' ಬರೆದಿದ್ದೆ, ಅವರು 'ಯೋಗ್ಯತೆ' ಓದಿದ್ದರು. ಆ ಚೀಟಿಯನ್ನು ಅದೆಷ್ಟು ಜನರಿಗೆ ಕಳಿಸಿದ್ದೆನೋ! ಒಂದು ಸಲವಾದರೂ ಕಥೆ ಬರೆದವರಾಗಿ ಅಂಚೆ ಒಡೆದು ಓದಿರಲಿಲ್ಲ. ಆಮೇಲೆ 'ಈ ಕಥೆಯನ್ನು ನಾವು ಬಳಸಿಕೊಳ್ಳುತ್ತಿಲ್ಲ' ಅಂತ ಬದಲಾಯಿಸಿದೆ. ಸುದ್ದಿ ಅದೇ, ಕಹಿಯೂ ಅದೇ. ಆದರೆ ಕಥೆ ವಾಪಸು ಬಂತು, ಮನುಷ್ಯ ವಾಪಸು ಬರಲಿಲ್ಲ.

ಅಬ್ರಹಾಂ ಲಿಂಕನ್‌ಗೂ ಈ ಕಷ್ಟ ಬಂದಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಜುಲೈನಲ್ಲಿ, ಗೆಟಿಸ್‌ಬರ್ಗ್ ಯುದ್ಧವನ್ನು ಲಿಂಕನ್ ಕಡೆಯ ಜನರಲ್ ಮೀಡ್ ಗೆದ್ದರು, ಆದರೆ ಸೋತ ಎದುರಾಳಿ ಜನರಲ್ ಲೀ ಸೈನ್ಯ ತಪ್ಪಿಸಿಕೊಂಡಿತು. ಲಿಂಕನ್‌ಗೆ ಬೇಸರವಾಗಿದೆ ಅಂತ ಕೇಳಿ ಮೀಡ್ ರಾಜೀನಾಮೆಗೆ ಹೊರಟರು. ಅವರನ್ನು ಸಮಾಧಾನ ಮಾಡಲು ಜುಲೈ 14ರಂದು ಲಿಂಕನ್ ಪತ್ರ ಬರೆಯಲು ಕೂತರು. ಶುರುವೇ ಕೃತಜ್ಞತೆಯಿಂದ. ಬರೆಯುತ್ತಾ ಬರೆಯುತ್ತಾ ಸಮಾಧಾನ ಹೋಗಿ, ಬಂಗಾರದಂಥ ಅವಕಾಶ ಕಳೆದಿರಿ ಅನ್ನುವಲ್ಲಿಗೆ ಬಂತು. ಬರೆದದ್ದನ್ನು ಲಿಂಕನ್ ಲಕೋಟೆಗೆ ಹಾಕಿದರು, ಮೀಡ್‌ಗೆ ಕಳಿಸಲಿಲ್ಲ, ಸಹಿಯನ್ನೂ ಹಾಕಲಿಲ್ಲ. ಲಕೋಟೆಯ ಮೇಲೆ ಹಾಗಂತ ಬರೆದೂ ಇಟ್ಟರು. ಕೈಯಲ್ಲಿ ಪೆನ್ನಿತ್ತು, ಮೊಬೈಲ್ ಇರಲಿಲ್ಲ, ನಮ್ಮ ಪುಣ್ಯ.

ಎದುರಿನವರಾಗಿ ಓದಿ ನೋಡುವ ಈ ಉಪಾಯಕ್ಕೂ ಒಂದು ಮಿತಿ ಇದೆ. ಅದೇ ಎಪ್ಲಿ 2018ರಲ್ಲಿ ಇನ್ನಿಬ್ಬರ ಜೊತೆ ಸೇರಿ 25 ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ಎದುರಿನವರ ಜಾಗದಲ್ಲಿ ನಿಂತು ಊಹಿಸಿದ ಮಾತ್ರಕ್ಕೆ ಅವರ ಮನಸ್ಸು ನಮಗೆ ಹೆಚ್ಚು ಸರಿಯಾಗಿ ತಿಳಿಯುವುದಿಲ್ಲ. ಅವರನ್ನೇ ಕೇಳಿದರೆ ತಿಳಿಯುತ್ತದೆ. ನಾನು ಕಟ್ಟಿಕೊಂಡ ಮೇಷ್ಟ್ರೂ ನನ್ನ ಊಹೆಯೇ. ಹಾಗಾಗಿ ಮುಖ್ಯವಾದ ಪತ್ರವನ್ನು ಆ ವಯಸ್ಸಿನ, ಆ ಸ್ವಭಾವದ ಒಬ್ಬರ ಕೈಗೆ ಕೊಟ್ಟು, ಹಿನ್ನೆಲೆ ಹೇಳದೆ, ಗಟ್ಟಿಯಾಗಿ ಓದಿಸಿ. ನೀವು ಅಂದುಕೊಂಡಿರದ ಪದದ ಮೇಲೆ ಅವರು ಒತ್ತು ಕೊಟ್ಟರೆ, ತೊಡಕು ಅಲ್ಲೇ ಇದೆ.

ನನ್ನ ನಿಜವಾದ ಸಿಟ್ಟು ನಿಮ್ಮ ಮೇಲಲ್ಲ. ನೀವು ಆ ಭಾಷೆಯನ್ನು ಎಲ್ಲಿ ಕಲಿತಿರಿ ಅನ್ನುವುದರ ಮೇಲೆ. ಶಾಲೆಯಿಂದ ಬರುವ ಚೀಟಿ ನೋಡಿ: 'ಪೋಷಕರು ಕಡ್ಡಾಯವಾಗಿ ಹಾಜರಿರತಕ್ಕದ್ದು.' ಕಚೇರಿಯ ನೋಟಿಸ್ ನೋಡಿ: 'ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು.' ಯಾರು ಜರುಗಿಸುತ್ತಾರೆ? ಯಾರೂ ಇಲ್ಲ, ಕ್ರಮ ತಾನೇ ಜರುಗುತ್ತದೆ. ಮಾಡುವವರ ಮುಖ ಕಾಣಿಸದ ಈ ಕನ್ನಡವೇ ಮರ್ಯಾದೆಯ ಕನ್ನಡ ಅಂತ ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ಪಕ್ಕದ ಮನೆಯವರಿಗೆ ಒಗ್ಗರಣೆ ಡಬ್ಬಿ ವಾಪಸು ಕೇಳಲೂ 'ಹಿಂತಿರುಗಿಸುವುದು' ಅಂತ ಬರೆಯುವ ಕಾಲ ದೂರವಿಲ್ಲ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ಮೇಷ್ಟ್ರೇ, ನಮಸ್ಕಾರ. ಏಪ್ರಿಲ್‌ನಿಂದ ಜೂನ್‌ವರೆಗಿನ ಮೇಂಟೆನೆನ್ಸ್ 4,500 ರೂಪಾಯಿ ಇನ್ನೂ ಬಂದಿಲ್ಲ. ಮೊದಲು ಮಗ ಪುಣೆಯಿಂದ ಕಟ್ಟುತ್ತಿದ್ದರು, ಈ ಸಲ ಅವರ ಗಮನಕ್ಕೆ ಬಂದಿರಲಿಕ್ಕಿಲ್ಲ. 15ನೇ ತಾರೀಖಿನೊಳಗೆ ಸಿಕ್ಕರೆ ಲಿಫ್ಟ್ ಬಿಲ್ಲಿಗೆ ಅನುಕೂಲ. ಆನ್‌ಲೈನ್ ಬೇಡವಾದರೆ ನಾನೇ ಮನೆಗೆ ಬಂದು ತೆಗೆದುಕೊಳ್ಳುತ್ತೇನೆ." ಮೊತ್ತ, ತಾರೀಖು ಎರಡೂ ಹಾಗೇ ಇವೆ. ಅವನ್ನೂ ಮೆತ್ತಗೆ ಮಾಡಿ 'ಅನುಕೂಲವಾದಾಗ' ಅಂತ ಬರೆದಿದ್ದರೆ ಮೇಷ್ಟ್ರು ನಗುತ್ತಿದ್ದರು, ದುಡ್ಡು ಬರುತ್ತಿರಲಿಲ್ಲ. ಅದೂ ಬೇಡ.

ಈಗ ಪತ್ರ ಹೋಗಿಬಿಟ್ಟಿದೆ. ದಯವಿಟ್ಟು ಕ್ಷಮೆ ಕೇಳಿ ಇನ್ನೊಂದು ಪತ್ರ ಬರೆಯಬೇಡಿ, ಅದನ್ನೂ ಅವರು ಅದೇ ದನಿಯಲ್ಲಿ ಓದುತ್ತಾರೆ. ಒಂದು ಸಂಜೆ ಮೆಟ್ಟಿಲು ಹತ್ತಿ ಹೋಗಿ, ಗಂಟೆ ಒತ್ತಿ, 'ಮೇಷ್ಟ್ರೇ' ಅನ್ನಿ. ರಸೀದಿ ಪುಸ್ತಕವನ್ನು ಮಾತ್ರ ಅವತ್ತು ಮನೆಯಲ್ಲೇ ಬಿಟ್ಟು ಹೋಗಿ.

— ಸಂಪಾದಕ