ಡಿಕ್ಕಿಯ ಲೆಕ್ಕದಲ್ಲಿ ವೇಗಕ್ಕೆ ಋಣ ಚಿಹ್ನೆ ಏಕೆ ಬಂತು?

"ಸರ್, 3 ಮೀ/ಸೆ ವೇಗದ 1 ಕೆ.ಜಿ. ಟ್ರಾಲಿ, ನಿಂತಿರುವ 2 ಕೆ.ಜಿ. ಟ್ರಾಲಿಗೆ ಸ್ಥಿತಿಸ್ಥಾಪಕವಾಗಿ ಡಿಕ್ಕಿ ಹೊಡೆದರೆ, ಮೊದಲನೆಯದರ ವೇಗ −1 ಎಂದು ಬರುತ್ತಿದೆ. ಎಲ್ಲಿ ತಪ್ಪಿದೆ?"

ತಪ್ಪಿಲ್ಲ, ಹಗುರವಾದ ಟ್ರಾಲಿ ಭಾರದ ಟ್ರಾಲಿಗೆ ಬಡಿದು ಹಿಂದಕ್ಕೆ ಪುಟಿದಿದೆ ಎಂಬುದನ್ನೇ ಆ ಚಿಹ್ನೆ ಹೇಳುತ್ತಿದೆ. ದಾವಣಗೆರೆಯಿಂದ ಚಿತ್ರದುರ್ಗದ ಕಡೆಗಿನ ದಿಕ್ಕನ್ನು ಧನವೆಂದು ಗೊತ್ತುಮಾಡಿಕೊಂಡರೆ, ಅದೇ ರಸ್ತೆಯಲ್ಲಿ ಮರಳಿ ಬರುವ ಬಸ್ಸಿನ ವೇಗವನ್ನು ಋಣವೆಂದೇ ಬರೆಯಬೇಕಾಗುತ್ತದೆ. ಬಸ್ಸು ಓಡುವ ಜವವೇನೂ ಅದರಿಂದ ಕಡಿಮೆಯಾಗುವುದಿಲ್ಲ. ನೀವು 3 ಮೀ/ಸೆ ಎಂದು ಧನವಾಗಿ ಬರೆದ ಕ್ಷಣದಲ್ಲೇ, ಬಹುಶಃ ಗಮನಿಸದೆ, ದಿಕ್ಕನ್ನು ಆರಿಸಿಬಿಟ್ಟಿದ್ದೀರಿ.

ಚಿಹ್ನೆಯನ್ನು ಅಳಿಸಿದರೆ ಏನಾಗುತ್ತದೆಂದು ನೋಡಿ. ಎರಡನೆಯ ಟ್ರಾಲಿಯ ವೇಗ 2 ಮೀ/ಸೆ. ಡಿಕ್ಕಿಗೆ ಮೊದಲು ಒಟ್ಟು ಸಂವೇಗ 3 ಕೆ.ಜಿ. ಮೀ/ಸೆ ಇತ್ತು, ನಂತರ:

```
1 × (−1) + 2 × 2 = 3
```

ಮೈನಸ್ ಬಿಟ್ಟರೆ ಇದು 5 ಆಗುತ್ತದೆ, ಅಂದರೆ ಹೊರಗಿನ ಬಲವಿಲ್ಲದೆ ಸಂವೇಗ ಹೆಚ್ಚಿದಂತಾಗುತ್ತದೆ. ಚಲನ ಶಕ್ತಿಯ ತಾಳೆ ಮಾತ್ರ ಈ ತಪ್ಪನ್ನು ಹಿಡಿಯಲಾರದು, ಏಕೆಂದರೆ ವೇಗವನ್ನು ವರ್ಗ ಮಾಡುವಾಗ ಚಿಹ್ನೆ ಅಳಿಸಿಹೋಗಿ, ಎರಡೂ ರೀತಿಯಲ್ಲಿ 0.5 + 4 = 4.5 ಜೂಲ್ ಎಂದೇ ಬರುತ್ತದೆ. ಆದ್ದರಿಂದ ಸಂವೇಗದಿಂದಲೇ ತಾಳೆ ನೋಡಿ.

ಬಡಿಯುವ ಟ್ರಾಲಿಯೇ ಭಾರವಾಗಿದ್ದು, ಎದುರಿನದು ನಿಂತಿದ್ದಾಗಲೂ ಮೊದಲನೆಯದರ ವೇಗ ಋಣವಾಗಿ ಬಂದರೆ, ಆಗ ಲೆಕ್ಕವನ್ನು ಅನುಮಾನಿಸಬೇಕು.