ಆಟೋಪೇ ರದ್ದು ಮಾಡಿದರೆ ಸಾಕೇ, ಕಂಪನಿಗೂ ಹೇಳಬೇಕೇ?

ಪ್ರಶ್ನೆ: ಒಂದು ವಿಡಿಯೋ ಆ್ಯಪ್‌ಗೆ ತಿಂಗಳಿಗೆ ₹299 ಯುಪಿಐ ಆಟೋಪೇಯಲ್ಲಿ ಹೋಗುತ್ತಿದೆ. ಕಂಪನಿಗೆ ಕ್ಯಾನ್ಸಲ್ ಮಾಡಲು ಹೇಳಲೋ, ಯುಪಿಐ ಆ್ಯಪ್‌ನಲ್ಲೇ ತೆಗೆಯಲೋ? ಯಾವುದರಿಂದ ಹಣ ಕಡಿತ ನಿಲ್ಲುತ್ತದೆ?

ಉತ್ತರ: ಕಡಿತ ಖಚಿತವಾಗಿ ನಿಲ್ಲುವುದು ಯುಪಿಐ ಆ್ಯಪ್‌ನಲ್ಲಿ ಮ್ಯಾಂಡೇಟ್ ರದ್ದು ಮಾಡಿದಾಗ. ಮ್ಯಾಂಡೇಟ್ ಎಂದರೆ ನಿಮ್ಮ ಬ್ಯಾಂಕಿಗೆ ನೀವು ಕೊಟ್ಟ ಅನುಮತಿ. ಅದು ರದ್ದಾದ ಮೇಲೆ ಕಂಪನಿ ಹಣ ಕೇಳಿದರೂ ಬ್ಯಾಂಕ್ ಕೊಡುವುದಿಲ್ಲ. ಕಂಪನಿಗೆ ಹೇಳಿದರೆ ಅವರು ಮುಂದೆ ಕೇಳುವುದನ್ನು ನಿಲ್ಲಿಸಬೇಕು, ಅಷ್ಟೇ. ಅವರು ಮರೆತರೆ ಅನುಮತಿ ಜೀವಂತವಾಗಿಯೇ ಇರುತ್ತದೆ. ಆ್ಯಪ್ ಅಳಿಸಿಹಾಕುವುದರಿಂದಂತೂ ಏನೂ ಆಗದು.

ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. 5ನೇ ತಾರೀಕು ಕಡಿತವಾಗುವುದಿದ್ದರೆ, ಸೂಚನೆ ಬಂದ ತಕ್ಷಣ, ಮ್ಯಾಂಡೇಟ್ ಮಾಡಿದ್ದ ಅದೇ ಯುಪಿಐ ಆ್ಯಪ್‌ನ ಆಟೋಪೇ ವಿಭಾಗಕ್ಕೆ ಹೋಗಿ ರದ್ದು ಮಾಡಿ, ಪಿನ್ ಹಾಕಿ. ಕೊನೆಯಲ್ಲಿ ಸ್ಥಿತಿ ‘ರದ್ದಾಗಿದೆ’ ಎಂದು ತೋರಿಸುತ್ತದೆಯೇ ನೋಡಿ. ರದ್ದು ಮಾಡುವ ಬದಲು ‘ಪಾಝ್’ ಒತ್ತಿದರೆ ತಾತ್ಕಾಲಿಕ ತಡೆ ಮಾತ್ರ.

ಆದರೆ ಮ್ಯಾಂಡೇಟ್ ತೆಗೆದರೆ ಒಪ್ಪಂದ ಮುಗಿಯುವುದಿಲ್ಲ. ವಿಡಿಯೋ ಆ್ಯಪ್ ಆದರೆ ಸೇವೆ ನಿಂತೀತು. ಸಾಲದ ಕಂತಾದರೆ ಬಾಕಿ ಹಾಗೇ ಉಳಿದು ದಂಡ ಬೀಳುತ್ತದೆ. ಆದ್ದರಿಂದ ಮೊದಲು ಮ್ಯಾಂಡೇಟ್ ತೆಗೆಯಿರಿ, ಅದೇ ದಿನ ಕಂಪನಿಯಲ್ಲೂ ಕ್ಯಾನ್ಸಲ್ ಮಾಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.